ರೀರನ್‌ನಲ್ಲಿ ಪಾಸಾದ ಟೆಸ್ಟ್: ಒಂದು ಪುಲ್ ರಿಕ್ವೆಸ್ಟ್‌ನ ಪ್ರಕರಣ ಅಧ್ಯಯನ

ಪಾವತಿಗಳ ಲೆಕ್ಕ ಇಡುವ ಒಂದು ಸೇವೆಯ ತಂಡದಲ್ಲಿ ನಾನಿದ್ದಾಗ ನಡೆದ ಪ್ರಕರಣ ಇದು. ಸೇವೆ ಪೈಥಾನ್‌ನಲ್ಲಿತ್ತು, ದತ್ತಾಂಶವೆಲ್ಲ ಪೋಸ್ಟ್‌ಗ್ರೆಸ್‌ನಲ್ಲಿತ್ತು, ಪ್ರತಿ ಪುಲ್ ರಿಕ್ವೆಸ್ಟ್‌ಗೂ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಸುಮಾರು 1,400 ಟೆಸ್ಟ್‌ಗಳು ಓಡುತ್ತಿದ್ದವು. ಎಲ್ಲವೂ ಮುಗಿಯಲು ಹದಿನಾಲ್ಕು ನಿಮಿಷ ಬೇಕಾಗುತ್ತಿತ್ತು. ತಂಡದ ಸದಸ್ಯರೊಬ್ಬರು ಒಂದು ಪುಲ್ ರಿಕ್ವೆಸ್ಟ್ ತೆರೆದರು. ಪಾವತಿ, ಮರುಪಾವತಿ, ಇನ್‌ವಾಯ್ಸ್, ಗ್ರಾಹಕರು ಎಂಬ ನಾಲ್ಕು ಪಟ್ಟಿಗಳನ್ನು ಪುಟ ಪುಟವಾಗಿ ತೋರಿಸುವ ಕೋಡ್ ನಾಲ್ಕು ಕಡೆ ಬೇರೆ ಬೇರೆಯಾಗಿ ಬರೆಯಲ್ಪಟ್ಟಿತ್ತು. ಅದನ್ನು ಒಂದೇ ಫಂಕ್ಷನ್‌ಗೆ ಸೇರಿಸುವುದು ಅವರ ಉದ್ದೇಶ. ವರ್ತನೆಯಲ್ಲಿ ಏನೂ ಬದಲಾಗುವುದಿಲ್ಲ ಎಂದು ವಿವರಣೆಯಲ್ಲಿ ಬರೆದಿದ್ದರು, ಅದನ್ನು ಪ್ರಾಮಾಣಿಕವಾಗಿ ನಂಬಿಯೂ ಇದ್ದರು.

ಮೊದಲ ಓಟದಲ್ಲಿ `test_newest_first` ಎಂಬ ಒಂದು ಟೆಸ್ಟ್ ಬಿತ್ತು. ಆ ಹೆಸರು ತಂಡದಲ್ಲಿ ಎಲ್ಲರಿಗೂ ಪರಿಚಿತವಾಗಿತ್ತು. ಫ್ಲೇಕಿ ಟೆಸ್ಟ್‌ಗಳು, ಅಂದರೆ ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಒಮ್ಮೆ ಬೀಳುವ ಟೆಸ್ಟ್‌ಗಳು, ಎಂದು ನಾವು ಬರೆದಿಟ್ಟುಕೊಂಡಿದ್ದ ಪಟ್ಟಿಯಲ್ಲಿ ಅದು ತಿಂಗಳುಗಳಿಂದ ಇತ್ತು. ಪುಲ್ ರಿಕ್ವೆಸ್ಟ್ ತೆರೆದವರು ಆ ಪಟ್ಟಿಯನ್ನು ನೋಡಿ, ಬಿದ್ದ ಜಾಬ್ ಅನ್ನು ಮಾತ್ರ ಮತ್ತೆ ಓಡಿಸಿದರು. ಎರಡನೇ ಓಟದಲ್ಲಿ ಎಲ್ಲವೂ ಪಾಸಾಯಿತು. ರಿವ್ಯೂ ಮಾಡಿದವರೂ ಹಸಿರು ಗುರುತನ್ನು ಕಂಡು ಒಪ್ಪಿಗೆ ಕೊಟ್ಟರು. ಮರ್ಜ್ ಮಾಡುವ ಸರದಿ ಅಂದು ನನ್ನದಾಗಿತ್ತು.

ಇವರಿಬ್ಬರ ನಡೆ ಅಸಡ್ಡೆಯದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಗೂಗಲ್ 2016ರಲ್ಲಿ ಪ್ರಕಟಿಸಿದ ತನ್ನ ಒಳಗಿನ ಲೆಕ್ಕದ ಪ್ರಕಾರ, ಪಾಸಾಗುತ್ತಿದ್ದ ಟೆಸ್ಟ್ ಬೀಳತೊಡಗಿದ ಸಂದರ್ಭಗಳಲ್ಲಿ ಶೇ. 84ರಷ್ಟರಲ್ಲಿ ಫ್ಲೇಕಿ ಟೆಸ್ಟ್ ಒಂದರ ಪಾತ್ರವಿತ್ತು. ಕೆಂಪು ಗುರುತು ಕಂಡಾಗ ‘ಇದು ಫ್ಲೇಕಿಯೇ ಇರಬೇಕು’ ಎಂದು ಊಹಿಸುವವನ ಊಹೆ ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಊಹೆಯಲ್ಲಲ್ಲ, ಆ ಊಹೆಯನ್ನು ರೀರನ್ ಖಚಿತಪಡಿಸಿತು ಎಂದು ತಿಳಿಯುವುದರಲ್ಲಿ.

ಒಂದೇ ಕಮಿಟ್‌ನ ಮೇಲೆ ಒಮ್ಮೆ ಬಿದ್ದು ಒಮ್ಮೆ ಪಾಸಾದ ಟೆಸ್ಟ್ ನಮಗೆ ಹೇಳುವುದು ಒಂದೇ ಸಂಗತಿಯನ್ನು: ಫಲಿತಾಂಶ ಕೋಡ್‌ನಿಂದ ಮಾತ್ರ ನಿರ್ಧಾರವಾಗುತ್ತಿಲ್ಲ, ಸಮಯವೋ ಕ್ರಮವೋ ಪರಿಸರವೋ ಅದರಲ್ಲಿ ಕೈಯಾಡಿಸುತ್ತಿದೆ. ಆ ಅನಿಶ್ಚಿತತೆ ಹಿಂದಿನಿಂದಲೂ ಇತ್ತೇ, ಅಥವಾ ಈ ಪುಲ್ ರಿಕ್ವೆಸ್ಟ್‌ನಿಂದಲೇ ಹುಟ್ಟಿತೇ ಎಂಬ ಪ್ರಶ್ನೆಗೆ ರೀರನ್ ಉತ್ತರ ಕೊಡುವುದಿಲ್ಲ. ಹೊಸ ಬದಲಾವಣೆಯಿಂದಾಗಿ ಒಂದು ಟೆಸ್ಟ್ ನೂರಕ್ಕೆ ಆರು ಸಲ ಬೀಳತೊಡಗಿದೆ ಎಂದಿಟ್ಟುಕೊಳ್ಳಿ. ಅದನ್ನು ಒಮ್ಮೆ ರೀರನ್ ಮಾಡಿದರೆ ಪಾಸಾಗುವ ಸಾಧ್ಯತೆ ಶೇ. 94. ನೂರಕ್ಕೆ ಐವತ್ತು ಸಲ ಬೀಳುವಷ್ಟು ಕೆಟ್ಟಿದ್ದರೂ, ಮೂರು ಓಟಗಳಲ್ಲಿ ಒಂದಾದರೂ ಪಾಸಾದರೆ ಸಾಕು ಎಂಬ ನಿಯಮವಿದ್ದರೆ ಅದು ದಾಟಿ ಹೋಗುವ ಸಾಧ್ಯತೆ ಶೇ. 87.5. ಹಳೆಯ ಫ್ಲೇಕಿ ಟೆಸ್ಟ್ ರೀರನ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೆಯೋ ಆಗಾಗ ತೋರುವ ಹೊಸ ದೋಷವೂ ಹಾಗೆಯೇ ನಡೆದುಕೊಳ್ಳುವುದರಿಂದ, ರೀರನ್‌ನ ಫಲಿತಾಂಶವನ್ನು ಇಟ್ಟುಕೊಂಡು ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ.

ಮೊದಲ ಓಟದ ಲಾಗ್

ರೀರನ್ ಆದ ಮೇಲೆ ಪುಲ್ ರಿಕ್ವೆಸ್ಟ್‌ನ ಪುಟದಲ್ಲಿ ಕಾಣುವುದು ಕೊನೆಯ ಓಟದ ಫಲಿತಾಂಶ ಮಾತ್ರ. ಮೊದಲ ಓಟದ ಲಾಗ್ ಅಳಿಸಿಹೋಗಿರುವುದಿಲ್ಲ, ಆದರೆ ಅದನ್ನು ಹುಡುಕಿಕೊಂಡು ಹೋಗಬೇಕು. ಆಜ್ಞಾಸಾಲಿನಿಂದ ಹೀಗೆ ತೆಗೆಯಬಹುದು:

```
gh run view <run-id> --attempt 1 --log-failed
```

ಅದರ ಕೊನೆಯಲ್ಲಿ ಇದ್ದದ್ದು ಇಷ್ಟು:

```
E   assert [41, 42, 40] == [42, 41, 40]
FAILED tests/api/test_listing.py::test_newest_first
```

ಫ್ಲೇಕಿ ಪಟ್ಟಿಯಲ್ಲಿ ಈ ಟೆಸ್ಟ್‌ನ ಹೆಸರಿನ ಎದುರು ಬರೆದಿದ್ದ ಕಾರಣ ‘ಡೇಟಾಬೇಸ್ ಸಂಪರ್ಕ’ ಎಂದಿತ್ತು. ಮೇನ್ ಬ್ರಾಂಚ್‌ನ ಹಿಂದಿನ ಒಂದು ತಿಂಗಳ ವಿಫಲ ಓಟಗಳನ್ನು ತೆಗೆದು ನೋಡಿದೆ. ಏಳು ಓಟಗಳಲ್ಲಿ ಈ ಟೆಸ್ಟ್ ಬಿದ್ದಿತ್ತು. ಏಳರಲ್ಲೂ ಕೊನೆಯ ಸಾಲು ಈ ತೆರನಾಗಿತ್ತು:

```
ERROR tests/api/test_listing.py::test_newest_first - OperationalError
```

ಹೆಸರು ಒಂದೇ ಆದರೂ ಸಾಲಿನ ಮೊದಲ ಪದ ಬೇರೆ. ಪೈಟೆಸ್ಟ್ `FAILED` ಎಂದು ಬರೆಯುವುದು ಟೆಸ್ಟ್‌ನ ಒಡಲಿನಲ್ಲಿರುವ ಕೋಡ್ ಓಡಿ, ಅಲ್ಲಿ ಏನಾದರೂ ತಪ್ಪಿದಾಗ. `ERROR` ಎಂದು ಬರೆಯುವುದು ಟೆಸ್ಟ್‌ಗೆ ಬೇಕಾದ ಸಿದ್ಧತೆಯೇ ಮುರಿದುಬಿದ್ದಾಗ ಅಥವಾ ಟೆಸ್ಟ್ ಮುಗಿದ ಮೇಲೆ ತೆರವುಗೊಳಿಸುವಾಗ ಎಡವಿದಾಗ. ಹಿಂದಿನ ಏಳೂ ಸಲ ಟೆಸ್ಟ್ ಶುರುವೇ ಆಗಿರಲಿಲ್ಲ. ಡೇಟಾಬೇಸ್ ಬಾಗಿಲು ತೆರೆದಿರಲಿಲ್ಲ. ಈ ಸಲ ಡೇಟಾಬೇಸ್ ಬಾಗಿಲು ತೆರೆದಿತ್ತು, ಮೂರು ಸಾಲುಗಳನ್ನು ಬರೆದುಕೊಂಡಿತ್ತು, ಕೇಳಿದಾಗ ಮೂರನ್ನೂ ಕೊಟ್ಟಿತ್ತು, ಆದರೆ ಕ್ರಮ ತಪ್ಪಿತ್ತು. ಇವು ಒಂದೇ ಹೆಸರಿನಡಿ ಸೇರಿಕೊಂಡ ಎರಡು ಬೇರೆ ಬೇರೆ ಘಟನೆಗಳು.

ಇನ್ನೊಂದು ವ್ಯತ್ಯಾಸವೂ ಕಣ್ಣಿಗೆ ಬಿತ್ತು. ಹಿಂದಿನ ಏಳು ಓಟಗಳಲ್ಲಿ ಈ ಟೆಸ್ಟ್ ಒಂಟಿಯಾಗಿ ಬಿದ್ದದ್ದೇ ಇಲ್ಲ. ಅದೇ ಕಡತದ ಅಕ್ಕಪಕ್ಕದ ಟೆಸ್ಟ್‌ಗಳೂ ಜೊತೆಗೆ ಬಿದ್ದಿದ್ದವು. ಡೇಟಾಬೇಸನ್ನು ಮುಟ್ಟುವ ಟೆಸ್ಟ್‌ಗಳಲ್ಲಿ ಹೆಸರಿನ ಅನುಕ್ರಮದಂತೆ ಆ ಕಡತವೇ ಮೊದಲು ಬರುವುದರಿಂದ, ಡೇಟಾಬೇಸ್ ಸಿದ್ಧವಾಗುವುದು ತುಸು ತಡವಾದರೂ ಪೆಟ್ಟು ಬೀಳುತ್ತಿದ್ದದ್ದು ಅದರ ಮೊದಲ ಕೆಲವು ಟೆಸ್ಟ್‌ಗಳಿಗೆ. ಈ ಸಲ 1,400ರಲ್ಲಿ ಬಿದ್ದದ್ದು ಒಂದೇ ಒಂದು.

ಆ ಹಳೆಯ ತೊಂದರೆಯ ಮೂಲವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದೇ ರೀತಿ ಡೇಟಾಬೇಸ್ ಓಡಿಸುವ ಹಲವು ತಂಡಗಳಲ್ಲಿ ಇದು ಇರಬಹುದು. ಪೋಸ್ಟ್‌ಗ್ರೆಸ್‌ನ ಅಧಿಕೃತ ಡಾಕರ್ ಇಮೇಜ್ ಮೊದಲ ಸಲ ಏಳುವಾಗ ಒಂದು ತಾತ್ಕಾಲಿಕ ಸರ್ವರ್ ಅನ್ನು ಎಬ್ಬಿಸಿ, ಆರಂಭದ ಸಿದ್ಧತೆ ಮುಗಿಸಿ, ಅದನ್ನು ನಿಲ್ಲಿಸಿ, ನಂತರ ನಿಜವಾದ ಸರ್ವರ್ ಅನ್ನು ಎಬ್ಬಿಸುತ್ತದೆ. ತಾತ್ಕಾಲಿಕ ಸರ್ವರ್ ಕಂಟೇನರ್‌ನ ಒಳಗಿನ ಯುನಿಕ್ಸ್ ಸಾಕೆಟ್‌ನಲ್ಲಿ ಮಾತ್ರ ಮಾತನಾಡುತ್ತದೆ, ಹೊರಗಿನ ಪೋರ್ಟ್‌ಗೆ ಕಿವಿಗೊಡುವುದಿಲ್ಲ. ನಮ್ಮ ಆರೋಗ್ಯ ತಪಾಸಣೆ ಬರಿಯ `pg_isready` ಆಗಿತ್ತು. ಅದು ವಿಳಾಸ ಕೊಡದಿದ್ದರೆ ಸಾಕೆಟ್‌ನ ಮೂಲಕವೇ ಕೇಳುತ್ತದೆ, ತಾತ್ಕಾಲಿಕ ಸರ್ವರ್‌ನಿಂದ ‘ಸಿದ್ಧ’ ಎಂಬ ಉತ್ತರ ಪಡೆಯುತ್ತದೆ, ಆಗ ಟೆಸ್ಟ್‌ಗಳು ಹೊರಗಿನಿಂದ ಹೋಗಿ ಬಡಿದರೆ ಬಾಗಿಲು ಮುಚ್ಚಿರುತ್ತದೆ. `pg_isready -h 127.0.0.1` ಎಂದು ಬದಲಿಸಿದ ಮೇಲೆ ಆ ಕಾರಣಕ್ಕೆ ಟೆಸ್ಟ್ ಬೀಳುವುದು ನಿಂತಿತು. ತಿಂಗಳುಗಟ್ಟಲೆ ರೀರನ್ ಮಾಡುತ್ತಾ ಬಂದಿದ್ದ ತೊಂದರೆಗೆ ಒಂದು ಸಾಲಿನ ಪರಿಹಾರವಿತ್ತು ಎಂಬುದು ನನಗೆ ಈಗಲೂ ಬೇಸರದ ಸಂಗತಿಯೇ. ಆ ಹಳೆಯ ಗದ್ದಲ ಇಲ್ಲದಿದ್ದರೆ ಈ ಹೊಸ ಸೂಚನೆಯನ್ನು ಯಾರೂ ಕಡೆಗಣಿಸುತ್ತಿರಲಿಲ್ಲ.

ಯಾವುದರ ಜೊತೆ ಹೋಲಿಸಬೇಕು

ವಿಫಲತೆ ಹೊಸದು ಎಂದು ತಿಳಿದ ಮಾತ್ರಕ್ಕೆ ಅದು ಈ ಪುಲ್ ರಿಕ್ವೆಸ್ಟ್‌ನದೇ ಎಂದು ಹೇಳಲಾಗುವುದಿಲ್ಲ. ಅದೇ ದಿನ ಮೇನ್ ಬ್ರಾಂಚ್‌ಗೆ ಸೇರಿದ ಬೇರೆ ಯಾರದೋ ಬದಲಾವಣೆಯಿಂದಲೂ ಬಂದಿರಬಹುದು. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. `pull_request` ಘಟನೆಯಿಂದ ಶುರುವಾಗುವ ಓಟದಲ್ಲಿ ಗಿಟ್‌ಹಬ್ ಪರೀಕ್ಷಿಸುವುದು ನಮ್ಮ ಬ್ರಾಂಚ್‌ನ ಕೊನೆಯ ಕಮಿಟ್ ಅನ್ನಲ್ಲ. ಆ ಬ್ರಾಂಚನ್ನು ಆ ಹೊತ್ತಿನ ಮೇನ್‌ಗೆ ಸೇರಿಸಿದರೆ ಏನಾಗುತ್ತದೋ ಆ ತಾತ್ಕಾಲಿಕ ಮರ್ಜ್ ಕಮಿಟ್ ಅನ್ನು. ಆದ್ದರಿಂದ ನಮ್ಮ ಬ್ರಾಂಚ್‌ನಲ್ಲಿ ಇಲ್ಲದ ದೋಷವೂ ನಮ್ಮ ಪುಲ್ ರಿಕ್ವೆಸ್ಟ್‌ನ ಓಟದಲ್ಲಿ ಕಾಣಿಸಿಕೊಳ್ಳಬಹುದು.

ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು. ರೀರನ್ ಮಾಡಿದಾಗ ಹೊಸ ಮರ್ಜ್ ಕಮಿಟ್ ಹುಟ್ಟುವುದಿಲ್ಲ. ಮೊದಲ ಓಟ ಯಾವ ಕಮಿಟ್‌ನ ಮೇಲೆ ನಡೆದಿತ್ತೋ ಅದರ ಮೇಲೆಯೇ ಮತ್ತೆ ನಡೆಯುತ್ತದೆ. ಮೇನ್ ಮುರಿದಿದ್ದಾಗ ಶುರುವಾದ ಓಟವನ್ನು, ಮೇನ್ ಸರಿಯಾದ ಮೇಲೆ ಎಷ್ಟು ಸಲ ರೀರನ್ ಮಾಡಿದರೂ ಅದು ಮುರಿದ ಮೇನ್‌ನ ಜೊತೆಗೇ ಓಡುತ್ತಿರುತ್ತದೆ. ಅಂಥಲ್ಲಿ ಬೇಕಾದದ್ದು ಬ್ರಾಂಚನ್ನು ಮೇನ್‌ನೊಂದಿಗೆ ಹೊಂದಿಸಿ ಹೊಸದಾಗಿ ಪುಶ್ ಮಾಡುವುದು. ನಮ್ಮ ಪ್ರಕರಣದಲ್ಲಿ ಇದೇ ನಿಯಮ ಅನುಕೂಲಕ್ಕೆ ಬಂತು: ಎರಡೂ ಓಟಗಳ ಕೋಡ್ ಅಕ್ಷರಶಃ ಒಂದೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಯಾವ ಮೇನ್‌ನ ಜೊತೆ ಸೇರಿಸಲಾಗಿತ್ತು ಎಂಬುದು ಕೋಡನ್ನು ಇಳಿಸಿಕೊಳ್ಳುವ ಹಂತದ ಲಾಗ್‌ನಲ್ಲಿಯೇ ಇರುತ್ತದೆ. ಅಲ್ಲಿ `Merge <head> into <base>` ಎಂಬ ರೂಪದ ಸಾಲೊಂದು ಸಿಗುತ್ತದೆ. ಮೊದಲನೆಯದು ಪುಲ್ ರಿಕ್ವೆಸ್ಟ್‌ನ ತುದಿ, ಎರಡನೆಯದು ಅಂದಿನ ಮೇನ್. ಹೋಲಿಕೆ ನಡೆಯಬೇಕಾದದ್ದು ಆ ಮರ್ಜ್ ಕಮಿಟ್ ಮತ್ತು ಆ ಎರಡನೆಯ ಕಮಿಟ್‌ನ ನಡುವೆ, ಏಕೆಂದರೆ ಅವೆರಡರ ಅಂತರದಲ್ಲಿ ಇರುವುದು ಈ ಪುಲ್ ರಿಕ್ವೆಸ್ಟ್ ಮಾತ್ರ.

‘ಅಂದಿನ ಮೇನ್‌ನ ಓಟ ಪಾಸಾಗಿದೆಯಲ್ಲ, ಅಷ್ಟು ಸಾಲದೇ?’ ಎಂದು ರಿವ್ಯೂ ಮಾಡಿದವರು ಕೇಳಿದರು. ಹೌದು, ಪಾಸಾಗಿತ್ತು, ಆದರೆ ಒಂದೇ ಒಂದು ಸಲ. ನೂರಕ್ಕೆ ಆರು ಸಲ ಬೀಳುವ ಟೆಸ್ಟ್ ಒಂದು ಸಲ ಪಾಸಾದದ್ದು, ಪುಲ್ ರಿಕ್ವೆಸ್ಟ್‌ನ ಪರವಾಗಿ ಹೇಗೆ ಸಾಕ್ಷಿಯಲ್ಲವೋ ಮೇನ್‌ನ ಪರವಾಗಿಯೂ ಹಾಗೆಯೇ ಸಾಕ್ಷಿಯಲ್ಲ.

ಐವತ್ತು ಸಲ, ಆಮೇಲೆ ಮುನ್ನೂರು ಸಲ

ಪುಲ್ ರಿಕ್ವೆಸ್ಟ್ ತೆರೆದವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಟೆಸ್ಟನ್ನು ಐವತ್ತು ಸಲ ಓಡಿಸಿದರು. ಐವತ್ತೂ ಸಲ ಪಾಸಾಯಿತು. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಟೆಸ್ಟ್ ನೂರಕ್ಕೆ ಆರರ ಪ್ರಮಾಣದಲ್ಲಿ ಬೀಳುವುದಾದರೆ ಐವತ್ತು ಓಟಗಳಲ್ಲಿ ಒಮ್ಮೆಯಾದರೂ ಬೀಳುವ ಸಾಧ್ಯತೆ ಸುಮಾರು ಶೇ. 95 ಇರುತ್ತದೆ, ಹಾಗಾಗಿ ಐವತ್ತು ಎಂಬುದು ಕಡಿಮೆ ಸಂಖ್ಯೆಯೇನಲ್ಲ. ಆದರೆ ಆ ಲೆಕ್ಕ ನಿಲ್ಲುವುದು ಎರಡೂ ಕಡೆ ಬೀಳುವ ಪ್ರಮಾಣ ಒಂದೇ ಆಗಿದ್ದರೆ ಮಾತ್ರ. ಸಮಯವನ್ನು ಅವಲಂಬಿಸಿದ ದೋಷವಾದರೆ, ಯಂತ್ರ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಸಿಐನಲ್ಲಿ, ಅಂದರೆ ಗಿಟ್‌ಹಬ್ ಆಕ್ಷನ್ಸ್‌ನ ಓಟಗಳಲ್ಲಿ, ನಮ್ಮ ಡೇಟಾಬೇಸ್ ಡಿಸ್ಕ್ ಅನ್ನು ಮುಟ್ಟದೆ ಮೆಮೊರಿಯಲ್ಲಿಯೇ ಬರೆಯುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಾಲೂ ಡಿಸ್ಕ್‌ಗೆ ಹೋಗಿ ಬರುತ್ತಿತ್ತು, ಅಲ್ಲಿ ಒಂದೊಂದು ಬರಹಕ್ಕೂ ನಾಲ್ಕೈದು ಮಿಲಿಸೆಕೆಂಡ್ ಬೇಕಾಗುತ್ತಿತ್ತು. ಈ ವ್ಯತ್ಯಾಸವೇ ಮುಂದೆ ಇಡೀ ಪ್ರಕರಣದ ಕೀಲಿಕೈ ಎಂದು ತಿಳಿಯಿತು.

ಆದ್ದರಿಂದ ಓಟವನ್ನು ಸಿಐನ ಅದೇ ಬಗೆಯ ರನ್ನರ್‌ನಲ್ಲಿ, ಅಂದರೆ ಟೆಸ್ಟ್‌ಗಳು ಓಡುವ ಯಂತ್ರದಲ್ಲಿ, ಅದೇ ಡೇಟಾಬೇಸ್ ಸಂರಚನೆಯೊಂದಿಗೆ ನಡೆಸಿದೆವು. ಕೈಯಿಂದ ಶುರುಮಾಡಬಹುದಾದ ಒಂದು ಚಿಕ್ಕ ವರ್ಕ್‌ಫ್ಲೋ ಬರೆದು, `pytest-repeat` ಎಂಬ ಪ್ಲಗಿನ್‌ನ ಸಹಾಯದಿಂದ ಎರಡು ಕಮಿಟ್‌ಗಳ ಮೇಲೆಯೂ ಇದೇ ಆಜ್ಞೆಯನ್ನು ಓಡಿಸಿದೆವು:

```
pytest tests/api/test_listing.py::test_newest_first --count=300 -q
```

ಅಂದಿನ ಮೇನ್‌ನ ಮೇಲೆ ಮುನ್ನೂರರಲ್ಲಿ ಒಂದೂ ಬೀಳಲಿಲ್ಲ. ಮರ್ಜ್ ಕಮಿಟ್‌ನ ಮೇಲೆ ಮುನ್ನೂರರಲ್ಲಿ ಹತ್ತೊಂಬತ್ತು ಬಿದ್ದವು, ಎಲ್ಲವೂ ಕ್ರಮ ತಪ್ಪಿದ ಅದೇ ಸಂದೇಶದೊಂದಿಗೆ. ಎರಡಕ್ಕೂ ಸೇರಿ ತಗುಲಿದ್ದು ಕೆಲವೇ ನಿಮಿಷ, ಏಕೆಂದರೆ ಒಂದು ಟೆಸ್ಟ್ ಓಡಿಸಲು ಹದಿನಾಲ್ಕು ನಿಮಿಷದ ಇಡೀ ಸರಣಿಯನ್ನು ಎಳೆಯಬೇಕಾಗಿಲ್ಲ.

ಈ ಸಂಖ್ಯೆಗಳನ್ನು ಓದುವ ಬಗೆ ಹೀಗೆ. n ಓಟಗಳಲ್ಲಿ ಒಂದೂ ಬೀಳದಿದ್ದರೆ, ನಿಜವಾದ ಪ್ರಮಾಣ 3/n ಅನ್ನು ಮೀರಿರಲಾರದು ಎಂದು ಶೇ. 95ರ ಭರವಸೆಯಿಂದ ಹೇಳಬಹುದು. ಅಂದರೆ ಮೇನ್‌ನಲ್ಲಿ ಈ ವಿಫಲತೆ ಇದ್ದರೂ ನೂರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಮರ್ಜ್ ಕಮಿಟ್‌ನಲ್ಲಿ ಅದು ನೂರಕ್ಕೆ ಆರರ ಮೇಲಿದೆ. ಮೇನ್‌ನಲ್ಲಿಯೂ ನೂರಕ್ಕೆ ಆರೇ ಇದ್ದು, ಮುನ್ನೂರು ಸಲವೂ ಅದೃಷ್ಟದಿಂದ ತಪ್ಪಿಸಿಕೊಂಡಿತು ಎನ್ನಬೇಕಾದರೆ ಆ ಅದೃಷ್ಟ ಕೋಟಿಗೊಂದಕ್ಕಿಂತಲೂ ಅಪರೂಪದ್ದಾಗಬೇಕು. ಬದಲಾವಣೆಯೇ ಕಾರಣ ಎಂಬುದು ಇಲ್ಲಿಗೆ ಇತ್ಯರ್ಥವಾಯಿತು. ಹೇಗೆ ಎಂಬುದು ಮಾತ್ರ ಉಳಿಯಿತು.

ಈ ವಿಧಾನಕ್ಕೆ ಒಂದು ಮಿತಿಯಿದೆ. ಒಂದು ಟೆಸ್ಟನ್ನು ಒಂಟಿಯಾಗಿ ಮತ್ತೆ ಮತ್ತೆ ಓಡಿಸಿದಾಗ, ಅದಕ್ಕೂ ಮುಂಚೆ ಓಡಿದ ಬೇರೊಂದು ಟೆಸ್ಟ್ ಬಿಟ್ಟುಹೋದ ಕಸದಿಂದ ಬೀಳುವ ಪ್ರಕರಣಗಳು ಕಾಣಿಸಿಕೊಳ್ಳುವುದೇ ಇಲ್ಲ. ಒಂಟಿ ಓಟದಲ್ಲಿ ಎರಡೂ ಕಡೆ ಶೂನ್ಯ ಬಂದಿದ್ದರೆ, ಮುಂದೆ ಇಡೀ ಕಡತವನ್ನು ಮೊದಲ ಓಟದ ಕ್ರಮದಲ್ಲಿಯೇ ಓಡಿಸಿ ನೋಡಬೇಕಾಗುತ್ತಿತ್ತು. ನಮಗೆ ಆ ಅಗತ್ಯ ಬರಲಿಲ್ಲ.

ದೋಷದ ಜಾಗ

ಬದಲಾವಣೆಯ ಮುನ್ನೂರು ಚಿಲ್ಲರೆ ಸಾಲುಗಳ ನಡುವೆ ಇದು ಇತ್ತು:

```
-    .order_by(Payment.created_at.desc(), Payment.id.desc())
+    .order_by(sort_col.desc())
```

ನಾಲ್ಕು ಪಟ್ಟಿಗಳಿಗೂ ಹೊಂದುವ ಫಂಕ್ಷನ್ ಬರೆಯುವಾಗ, ಯಾವ ಕಾಲಮ್‌ನ ಮೇಲೆ ವಿಂಗಡಿಸಬೇಕು ಎಂಬುದನ್ನು ಹೊರಗಿನಿಂದ ತೆಗೆದುಕೊಳ್ಳುವಂತೆ ಮಾಡಿದ್ದರು. ಎರಡನೆಯ ಕಾಲಮ್ ಆಗಿ ಇದ್ದ `id` ಬಿಟ್ಟುಹೋಗಿತ್ತು. ಉಳಿದ ಮೂರು ಪಟ್ಟಿಗಳ ಹಳೆಯ ಕೋಡ್‌ನಲ್ಲಿ ಆ `id` ಇರಲಿಲ್ಲವಾದ್ದರಿಂದ, ಪಾವತಿಯಲ್ಲಿ ಮಾತ್ರ ಇದ್ದದ್ದು ಅನಗತ್ಯ ಎಂದು ಅವರಿಗೆ ತೋರಿದ್ದು ಸಹಜ.

ನಮ್ಮ ಸೇವೆ `created_at` ಅನ್ನು ಮಿಲಿಸೆಕೆಂಡ್‌ಗೆ ಮೊಟಕುಗೊಳಿಸಿ ಬರೆಯುತ್ತಿತ್ತು. ಟೆಸ್ಟ್ ಮೂರು ಪಾವತಿಗಳನ್ನು ಒಂದರ ಹಿಂದೆ ಒಂದರಂತೆ ಬರೆದು, ಹೊಸದು ಮೊದಲು ಬರಬೇಕೆಂದು ಕೇಳುತ್ತಿತ್ತು. ಸಿಐನ ರನ್ನರ್‌ನಲ್ಲಿ ಎರಡು ಬರಹಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡ್‌ಗಿಂತ ತುಸು ಹೆಚ್ಚು, ಆಗೊಮ್ಮೆ ಈಗೊಮ್ಮೆ ಅದಕ್ಕಿಂತ ಕಡಿಮೆ. ಕಡಿಮೆಯಾದಾಗ 41 ಮತ್ತು 42ನೇ ಪಾವತಿಗಳು ಒಂದೇ ಮಿಲಿಸೆಕೆಂಡ್‌ನೊಳಗೆ ಬಿದ್ದು ಒಂದೇ ಸಮಯ ಪಡೆಯುತ್ತಿದ್ದವು. ಸಮಯ ಸಮವಾದಾಗ ಯಾವುದು ಮೊದಲು ಎಂದು ಹೇಳಲು ಹಿಂದೆ `id` ಇತ್ತು, ಈಗ ಏನೂ ಇಲ್ಲ. ಸಮವಾದ ಸಾಲುಗಳ ಕ್ರಮದ ಬಗ್ಗೆ ಪೋಸ್ಟ್‌ಗ್ರೆಸ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಆ ಪುಟ್ಟ ಕೋಷ್ಟಕದಲ್ಲಿ ಅವು ಬರೆದ ಕ್ರಮದಲ್ಲಿಯೇ ಹಿಂದಿರುಗಿದವು. ಅದೇ `[41, 42, 40]`. ಲ್ಯಾಪ್‌ಟಾಪ್‌ನಲ್ಲಿ ಎರಡು ಬರಹಗಳ ನಡುವೆ ನಾಲ್ಕೈದು ಮಿಲಿಸೆಕೆಂಡ್ ಇದ್ದುದರಿಂದ ಸಮಯ ಎಂದೂ ಸಮವಾಗುತ್ತಿರಲಿಲ್ಲ. ಅಲ್ಲಿ ಐವತ್ತಲ್ಲ, ಐದು ಸಾವಿರ ಸಲ ಓಡಿಸಿದರೂ ದೋಷ ಸಿಗುತ್ತಿರಲಿಲ್ಲವೇನೋ.

ಇಲ್ಲಿ ಒಬ್ಬರು ಎತ್ತಿದ ಆಕ್ಷೇಪವನ್ನು ದಾಖಲಿಸಬೇಕು. ‘ನೂರಕ್ಕೆ ಆರು ಸಲ, ಅದೂ ಒಂದೇ ಮಿಲಿಸೆಕೆಂಡ್‌ನಲ್ಲಿ ಎರಡು ಪಾವತಿ ಬಂದಾಗ, ಅವುಗಳ ಜಾಗ ಅದಲುಬದಲಾಗುತ್ತದೆ, ಬಳಕೆದಾರರಿಗೆ ಇದರಿಂದ ಏನು ನಷ್ಟ? ಟೆಸ್ಟ್‌ನಲ್ಲೇ ಸಣ್ಣದೊಂದು ವಿರಾಮ ಹಾಕಿದರೆ ಮುಗಿಯಿತಲ್ಲ?’ ಎಂಬುದು ಅವರ ವಾದ. ಟೆಸ್ಟ್ ಬೀಳುವ ಪ್ರಮಾಣವನ್ನು ದೋಷದ ಗಾತ್ರ ಎಂದು ಓದುವ ಈ ತಪ್ಪು ನಾನು ಕಂಡ ತಪ್ಪುಗಳಲ್ಲಿ ಅತಿ ದುಬಾರಿಯಾದದ್ದು. ಆ ನೂರಕ್ಕೆ ಆರು ಎಂಬುದು ಸಿಐ ರನ್ನರ್‌ನ ವೇಗದ ಅಳತೆಯೇ ಹೊರತು ಬಳಕೆಯಲ್ಲಿರುವ ವ್ಯವಸ್ಥೆಯ ಅಳತೆಯಲ್ಲ. ನಿಜವಾದ ಬಳಕೆಯಲ್ಲಿ ಹೆಚ್ಚಿನ ಪಾವತಿಗಳು ಒಂದೊಂದಾಗಿ ಬರುತ್ತಿರಲಿಲ್ಲ. ಬ್ಯಾಂಕಿನ ದಿನದ ಕಡತದಿಂದ ನೂರಾರು ಒಟ್ಟಿಗೆ ಬರುತ್ತಿದ್ದವು, ಆ ಕಡತವನ್ನು ಓದುವ ಕೋಡ್ ಸಮಯವನ್ನು ಕಡತಕ್ಕೊಮ್ಮೆ ಮಾತ್ರ ತೆಗೆದುಕೊಂಡು ಎಲ್ಲ ಸಾಲುಗಳಿಗೂ ಅದನ್ನೇ ಬರೆಯುತ್ತಿತ್ತು. ಟೆಸ್ಟ್‌ನಲ್ಲಿ ಅಪರೂಪವಾದ ಸಮಬಲ ಅಲ್ಲಿ ನಿತ್ಯದ ಸ್ಥಿತಿ.

ಅದಕ್ಕಿಂತ ಮುಖ್ಯವಾಗಿ, ಪಟ್ಟಿ ಪುಟ ಪುಟವಾಗಿ ಬರುತ್ತಿತ್ತು. ಪುಟಕ್ಕೆ ಐವತ್ತು ಸಾಲು, `LIMIT` ಮತ್ತು `OFFSET` ಮೂಲಕ. ಪ್ರತಿ ಪುಟವೂ ಬೇರೆಯೇ ಒಂದು ಕ್ವೆರಿ. ವಿಂಗಡಣೆಯ ಕ್ರಮ ಪ್ರತಿ ಸಾಲಿಗೂ ಒಂದೇ ಒಂದು ಜಾಗವನ್ನು ಗೊತ್ತುಮಾಡದಿದ್ದರೆ, ಮೊದಲ ಪುಟದ ಕ್ವೆರಿ ಒಂದು ಕ್ರಮವನ್ನೂ ಎರಡನೇ ಪುಟದ ಕ್ವೆರಿ ಇನ್ನೊಂದು ಕ್ರಮವನ್ನೂ ಆರಿಸಿಕೊಳ್ಳಬಹುದು. ಹೀಗಾಗಬಹುದು ಎಂದು ಪೋಸ್ಟ್‌ಗ್ರೆಸ್‌ನ ದಾಖಲೆಯೇ ಎಚ್ಚರಿಸುತ್ತದೆ. ಒಂದೇ ಸಮಯವಿರುವ ನಾನೂರು ಸಾಲುಗಳನ್ನು ಸೇರಿಸಿ ಎಂಟು ಪುಟಗಳನ್ನೂ ತೆಗೆದು ನೋಡಿದೆವು. ಒಟ್ಟು ನಾನೂರು ಸಾಲು ಬಂದವು, ಆದರೆ ಕೆಲವು ಪಾವತಿಗಳು ಎರಡು ಪುಟಗಳಲ್ಲಿ ಕಾಣಿಸಿಕೊಂಡವು, ಅಷ್ಟೇ ಸಂಖ್ಯೆಯ ಬೇರೆ ಪಾವತಿಗಳು ಯಾವ ಪುಟದಲ್ಲಿಯೂ ಇರಲಿಲ್ಲ. ಲೆಕ್ಕ ವಿಭಾಗದವರು ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದದ್ದು ಇದೇ ಪುಟಗಳನ್ನು ಇಟ್ಟುಕೊಂಡು. ಸಾಲುಗಳ ಎಣಿಕೆ ಸರಿಯಿದ್ದು ಮೊತ್ತ ತಪ್ಪುವ ಇಂಥ ದೋಷವನ್ನು ಬಳಕೆಗೆ ಹೋದ ಮೇಲೆ ಹುಡುಕುವುದಕ್ಕೆ ಎಷ್ಟು ದಿನ ಬೇಕಾಗುತ್ತಿತ್ತೋ ಹೇಳುವುದು ಕಷ್ಟ.

ಫ್ಲೇಕಿ ಟೆಸ್ಟ್ ಎಂದರೆ ಟೆಸ್ಟ್‌ನದೇ ತಪ್ಪು ಎಂದು ನಾವು ಬಹಳ ಬೇಗ ತೀರ್ಮಾನಿಸುತ್ತೇವೆ. ಅಪಾಚೆಯ ಯೋಜನೆಗಳಲ್ಲಿ ಫ್ಲೇಕಿ ಟೆಸ್ಟ್‌ಗಳನ್ನು ಸರಿಪಡಿಸಿದ 201 ಕಮಿಟ್‌ಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರಲ್ಲಿ, ಸುಮಾರು ನಾಲ್ಕನೇ ಒಂದು ಭಾಗದಷ್ಟು ಪರಿಹಾರಗಳು ಪರೀಕ್ಷೆಗೊಳಗಾದ ಕೋಡನ್ನೇ ಬದಲಿಸಿದ್ದವು, ಅವುಗಳಲ್ಲಿ ಬಹುಪಾಲು ನಿಜವಾದ ದೋಷವನ್ನೇ ತಿದ್ದಿದ್ದವು. ಟೆಸ್ಟ್‌ನಲ್ಲಿ ವಿರಾಮ ಹಾಕಿದ್ದರೆ ನಾವು ಅಂಥದ್ದೊಂದು ದೋಷವನ್ನು ಮುಚ್ಚಿ ಮುಂದೆ ಹೋಗಿರುತ್ತಿದ್ದೆವು.

ಬದಲಿಸಿದ್ದು

ಪರಿಹಾರ ಚಿಕ್ಕದು. ಸಾಮಾನ್ಯ ಫಂಕ್ಷನ್ ಯಾವ ಕಾಲಮ್ ಮೇಲೆ ವಿಂಗಡಿಸಿದರೂ ಕೊನೆಯಲ್ಲಿ ಆ ಕೋಷ್ಟಕದ `id` ಅನ್ನು ತಾನೇ ಸೇರಿಸುವಂತಾಯಿತು. ಇದರಿಂದ ಹಿಂದೆ `id` ಇಲ್ಲದೆ ನಡೆಯುತ್ತಿದ್ದ ಉಳಿದ ಮೂರು ಪಟ್ಟಿಗಳೂ ಸರಿಯಾದವು. ಪುಲ್ ರಿಕ್ವೆಸ್ಟ್‌ನ ಮೂಲ ಉದ್ದೇಶಕ್ಕೆ ಇದು ನಿಜವಾದ ಬಲ ಕೊಟ್ಟಿತು ಎಂದೇ ನನ್ನ ಅಭಿಪ್ರಾಯ. ಟೆಸ್ಟ್ ಅನ್ನೂ ತಿದ್ದಿದೆವು: ಗಡಿಯಾರವನ್ನು ನಂಬಿಕೊಳ್ಳದೆ, ಎರಡು ಪಾವತಿಗಳಿಗೆ ಒಂದೇ `created_at` ಅನ್ನು ಬೇಕೆಂದೇ ಬರೆದು ಕ್ರಮವನ್ನು ಕೇಳುವಂತೆ ಮಾಡಿದೆವು. ಈ ರೂಪದಲ್ಲಿ ಅದನ್ನು ದೋಷವಿದ್ದ ಕೋಡ್‌ನ ಮೇಲೆ ಮುನ್ನೂರು ಸಲ ಓಡಿಸಿದಾಗ ಮುನ್ನೂರೂ ಸಲ ಬಿತ್ತು, ತಿದ್ದಿದ ಕೋಡ್‌ನ ಮೇಲೆ ಒಮ್ಮೆಯೂ ಬೀಳಲಿಲ್ಲ. ಪರಿಹಾರದ ಮೇಲೆ ಮಾತ್ರ ಓಡಿಸಿ ಪಾಸಾಯಿತು ಎಂದಿದ್ದರೆ, ಟೆಸ್ಟ್ ಆ ದೋಷವನ್ನು ಹಿಡಿಯುತ್ತದೆಯೇ ಎಂಬುದು ಗೊತ್ತಾಗುತ್ತಿರಲಿಲ್ಲ.

ಫ್ಲೇಕಿ ಪಟ್ಟಿಯ ರೂಪವೂ ಬದಲಾಯಿತು. ಟೆಸ್ಟ್‌ನ ಹೆಸರಿನ ಜೊತೆಗೆ ವಿಫಲತೆಯ ಸಂದೇಶವನ್ನೂ ಬರೆಯಬೇಕು, ಎರಡೂ ಹೊಂದಿದರೆ ಮಾತ್ರ ಅದನ್ನು ಹಳೆಯ ತೊಂದರೆ ಎಂದು ಪರಿಗಣಿಸಬಹುದು ಎಂದು ಒಪ್ಪಿಕೊಂಡೆವು. ಬಿದ್ದ ಟೆಸ್ಟನ್ನು ತಾನಾಗಿಯೇ ಎರಡು ಸಲ ಮತ್ತೆ ಓಡಿಸುವ `--reruns 2` ಎಂಬ ಆಯ್ಕೆಯನ್ನು ಸಿಐಗೆ ಸೇರಿಸುವ ಪ್ರಸ್ತಾಪ ಆ ದಿನಗಳಲ್ಲಿ ಚರ್ಚೆಯಲ್ಲಿತ್ತು, ಅದನ್ನು ಕೈಬಿಟ್ಟೆವು. ಅದು ಮೊದಲೇ ಇದ್ದಿದ್ದರೆ ಈ ದೋಷ ಓಟವನ್ನು ಕೆಂಪಾಗಿಸುವ ಸಾಧ್ಯತೆ ಹತ್ತು ಸಾವಿರಕ್ಕೆ ಎರಡರಷ್ಟು ಮಾತ್ರ ಇರುತ್ತಿತ್ತು.

ರೀರನ್ ಅನ್ನು ನಾವು ನಿಲ್ಲಿಸಲಿಲ್ಲ. `The runner has received a shutdown signal` ಎಂದು ಬಂದರೆ, ಪ್ಯಾಕೇಜ್ ಇಳಿಸುವಾಗ ಸಂಪರ್ಕ ಕಡಿದರೆ, ಅಥವಾ ಟೆಸ್ಟ್ ಶುರುವಾಗುವ ಮುಂಚೆಯೇ ಪಟ್ಟಿಯಲ್ಲಿರುವ ಅದೇ ಸಂದೇಶದೊಂದಿಗೆ ನಿಂತರೆ, ಇಂದಿಗೂ ಎರಡನೆಯ ಯೋಚನೆಯಿಲ್ಲದೆ ರೀರನ್ ಮಾಡುತ್ತೇವೆ. ಅಲ್ಲಿ ನಮ್ಮ ಕೋಡ್ ಇನ್ನೂ ಮಾತನಾಡಿಯೇ ಇರುವುದಿಲ್ಲ. ಒಂದು ಸಂದರ್ಭದಲ್ಲಿ ಮಾತ್ರ ಎಚ್ಚರ ಬೇಕು: ಪ್ರಕ್ರಿಯೆ 137 ಎಂಬ ಸಂಕೇತದೊಂದಿಗೆ ಕೊನೆಗೊಂಡಾಗ. ಅದು ಹೊರಗಿನಿಂದ ಬಲವಂತವಾಗಿ ಕೊಲ್ಲಲ್ಪಟ್ಟಿತು ಎಂದು ಅರ್ಥ, ಹೆಚ್ಚಾಗಿ ಮೆಮೊರಿ ಸಾಲದೆ. ನೋಡಲು ಅದು ಯಂತ್ರದ ತೊಂದರೆಯಂತೆಯೇ ಕಾಣುತ್ತದೆ, ಆದರೆ ಮೆಮೊರಿಯನ್ನು ತಿಂದದ್ದು ಇದೇ ಪುಲ್ ರಿಕ್ವೆಸ್ಟ್‌ನ ಬದಲಾವಣೆ ಆಗಿರಬಹುದು. ಮೇನ್‌ನಲ್ಲಿ ಅದೇ ಜಾಬ್ ಎಷ್ಟು ಮೆಮೊರಿ ಬಳಸುತ್ತದೆ ಎಂದು ನೋಡಿಯೇ ರೀರನ್ ಗುಂಡಿ ಒತ್ತುತ್ತೇವೆ.

ಆ ಪುಲ್ ರಿಕ್ವೆಸ್ಟ್ ಮರುದಿನ ಮಧ್ಯಾಹ್ನ ಮೇನ್‌ಗೆ ಸೇರಿತು. ಅದನ್ನು ತೆರೆದವರು ವಿವರಣೆಯಲ್ಲಿದ್ದ ‘ವರ್ತನೆಯಲ್ಲಿ ಬದಲಾವಣೆ ಇಲ್ಲ’ ಎಂಬ ಸಾಲನ್ನು ತೆಗೆದು, ಮೂರು ಪಟ್ಟಿಗಳ ಕ್ರಮ ಈಗ ಸ್ಥಿರವಾಗಿದೆ ಎಂದು ಬರೆದು, ಮೊದಲ ಓಟದ ಲಾಗ್‌ಗೆ ಕೊಂಡಿಯನ್ನೂ ಸೇರಿಸಿದರು.